ಸೈಜ್ ಒಂದೇ, ಟೈರ್ ಬೇರೆ: ಪಕ್ಕೆಯ ಅಕ್ಷರ ಓದಿ ಕೊಳ್ಳುವುದು ಹೇಗೆ?

ನನ್ನ ಬಾವಮೈದ ಯಶವಂತಪುರದಲ್ಲಿ ಬೈಕಿನ ಮೇಲೆ ಮನೆಮನೆಗೆ ಹಾಲು ಹಾಕುತ್ತಾನೆ. ಹಿಂದಿನ ಟೈರ್ ಸವೆದಾಗ ಅಂಗಡಿಯವರು ‘ಸೈಜ್ ಒಂದೇ ಸಾರ್’ ಎಂದು 2.75-18 ಟೈರ್ ಹಾಕಿಕೊಟ್ಟರು. ಕೆಲವೇ ತಿಂಗಳಲ್ಲಿ ಅದರ ಪಕ್ಕೆಯಲ್ಲಿ ಸಣ್ಣ ಬಿರುಕು ಕಂಡವು. ಹಾಲು ಹಾಕುವಾಗ ನಡುವೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ.

ಹಳೆಯ ಟೈರಿನಲ್ಲಿ ಸೈಜಿನ ಪಕ್ಕ 48ಪಿ, ಜೊತೆಗೆ ‘ರೀನ್‌ಫೋರ್ಸ್ಡ್’ ಎಂದಿತ್ತು. ಹೊಸದರಲ್ಲಿ ಇದ್ದದ್ದು 42ಪಿ ಮಾತ್ರ. 42 ಎಂದರೆ ಆ ಟೈರ್ ಹೊರಬಲ್ಲ ಗರಿಷ್ಠ ಭಾರ 150 ಕೆಜಿ, 48 ಎಂದರೆ 180 ಕೆಜಿ; ಪಿ ಎನ್ನುವುದು ವೇಗದ ಮಿತಿಯ ಗುರುತು. ಲೆಕ್ಕ ಹಾಕಿ ನೋಡಿದೆವು: ಬೈಕಿನ ತೂಕದಲ್ಲಿ ಹಿಂಚಕ್ರಕ್ಕೆ ಬೀಳುವುದು ಹೆಚ್ಚೂಕಡಿಮೆ 60, ಸವಾರನದು 45, ಹಿಂದೆ ಕಟ್ಟಿದ ಹಾಲಿನ ಕ್ರೇಟುಗಳು 60. ಒಟ್ಟು 165. ಹೊಸ ಟೈರಿಗೆ ಇದು ಮಿತಿ ಮೀರಿದ ಹೊರೆ.

ಆದ್ದರಿಂದ ಮೊದಲು ಹಳೆಯ ಟೈರಿನ ಪೂರ್ತಿ ಸಾಲಿನ ಫೋಟೊ ತೆಗೆದು, ಬೈಕಿನ ಪುಸ್ತಕದ ಜೊತೆ ತಾಳೆ ನೋಡಿ. ರೀನ್‌ಫೋರ್ಸ್ಡ್ ಪದವನ್ನು ಕೆಲವು ಕಂಪನಿಗಳು ಮೊದಲ ಐದು ಇಂಗ್ಲಿಷ್ ಅಕ್ಷರಗಳಲ್ಲಿ ಮುಗಿಸುತ್ತವೆ. ಕಾರಿನ ಟೈರಿನಲ್ಲಿ ಅದೇ ಅರ್ಥಕ್ಕೆ ‘ಎಕ್ಸ್‌ಎಲ್’ ಎಂದಿರುತ್ತದೆ. ಮೊಳೆ ಚುಚ್ಚುವುದಿಲ್ಲ ಎಂದು ಇದರ ಅರ್ಥವಲ್ಲ. ಒಳಮೈ ಗಟ್ಟಿಯಿದ್ದು ಹೆಚ್ಚು ಗಾಳಿಯ ಒತ್ತಡ ತಡೆಯುತ್ತದೆ, ಆ ಒತ್ತಡದಿಂದಲೇ ಹೆಚ್ಚು ಭಾರ ಹೊರುತ್ತದೆ. ಗಾಳಿ ಕಡಿಮೆಯಿಟ್ಟರೆ ಕೊಟ್ಟ ದುಡ್ಡು ದಂಡ.

ನಂತರ ‘ಟಿಎಲ್’ ಇದೆಯೋ ‘ಟಿಟಿ’ ಇದೆಯೋ ನೋಡಿ. ಟಿಎಲ್ ಎಂದರೆ ಟ್ಯೂಬ್‌ಲೆಸ್. ಒಳಗೆ ಗಾಳಿ ಸೋರದ ರಬ್ಬರ್ ಪದರವಿರುತ್ತದೆ. ಮೊಳೆ ಹೊಕ್ಕರೂ ರಬ್ಬರ್ ಅದನ್ನು ಹಿಡಿದುಕೊಂಡು ಗಾಳಿ ಮೆಲ್ಲಗೆ ಇಳಿಯುವುದರಿಂದ ಪಂಕ್ಚರ್ ಅಂಗಡಿ ಮುಟ್ಟಲು ಸಮಯ ಸಿಗುತ್ತದೆ. ಟಿಟಿ ಎಂದರೆ ಟ್ಯೂಬ್ ಟೈಪ್. ಆ ಪದರವಿಲ್ಲ, ಟ್ಯೂಬ್ ಹಾಕಲೇಬೇಕು. ಟ್ಯೂಬ್ ತೂತಾದರೆ ಗಾಳಿ ವಾಲ್ವ್ ರಂಧ್ರದಿಂದ, ಸ್ಪೋಕ್ ತುದಿಗಳಿಂದ ಹೊರಗೆ ನುಗ್ಗಿ ಚಕ್ರ ಒಮ್ಮೆಲೇ ಕುಸಿಯಬಹುದು.

ಹೆಚ್ಚಿನವರು ಮೋಸ ಹೋಗುವುದು ಇಲ್ಲೇ: ಟಿಎಲ್ ಟೈರ್ ಕೊಂಡ ಮಾತ್ರಕ್ಕೆ ಬೈಕ್ ಟ್ಯೂಬ್‌ಲೆಸ್ ಆಗುವುದಿಲ್ಲ, ರಿಮ್ಮೂ ಒಪ್ಪಬೇಕು. ಟ್ಯೂಬ್‌ಲೆಸ್ ರಿಮ್ಮಿನ ಒಳ ಅಂಚಿನಲ್ಲಿ ಸಣ್ಣ ಉಬ್ಬು ಇದ್ದು, ಗಾಳಿ ಇಳಿದಾಗ ಟೈರಿನ ಅಂಚು ಒಳಗೆ ಜಾರದಂತೆ ತಡೆಯುತ್ತದೆ. ಅಂಥ ರಿಮ್ಮಿನ ಅಳತೆಯ ಜೊತೆ ‘ಎಂಟಿ’ ಎಂದೋ ಟ್ಯೂಬ್‌ಲೆಸ್ ಎಂದೋ ಅಚ್ಚಾಗಿರುತ್ತದೆ. ಅಲಾಯ್ ಎಂದಾಕ್ಷಣ ನಂಬಬೇಡಿ; ಹಳೆಯ ಎಷ್ಟೋ ಅಲಾಯ್ ಚಕ್ರಗಳು ಟ್ಯೂಬಿನವೇ. ಸಾಮಾನ್ಯ ಸ್ಪೋಕ್ ಚಕ್ರಕ್ಕೆ ಟಿಎಲ್ ಟೈರ್ ಹಾಕಿಸುವುದಾದರೆ ಕಂಪನಿ ಅನುಮತಿಸಿದೆಯೇ ಕೇಳಿ, ಒಳಗೆ ಹೊಸ ಟ್ಯೂಬ್ ಹಾಕಿಸಿ. ಆಗ ಪಂಕ್ಚರ್ ಆದರೆ ಅದು ಟ್ಯೂಬಿನ ಟೈರಿನಂತೆಯೇ ಕುಸಿಯುತ್ತದೆ.

ಬಾವಮೈದ ಈಗ 48ಪಿ ಹಾಕಿಸಿದ್ದಾನೆ. ಪುಸ್ತಕದಲ್ಲಿ ಇಬ್ಬರು ಕೂತಾಗ ಎಂದು ಹೇಳಿರುವಷ್ಟು ಗಾಳಿಯನ್ನು, ಬೆಳಗಿನ ಜಾವ ಟೈರ್ ತಣ್ಣಗಿರುವಾಗಲೇ ಹಿಂಚಕ್ರಕ್ಕೆ ತುಂಬುತ್ತಾನೆ.