ಮೂರು ಸಾವಿರ ನೋಟ್‌ಬುಕ್, ಒಂದು ಕೊಟೇಶನ್ ಲೆಟರ್, ಕೈಯಿಂದ ಹೋದ ಆರುನೂರು ರೂಪಾಯಿ

ಶಿವಮೊಗ್ಗದಲ್ಲಿ ನಮ್ದೊಂದು ಸಣ್ಣ ಪ್ರೆಸ್ಸು. ಮದುವೆ ಕಾರ್ಡು, ಬಿಲ್ ಬುಕ್ಕು, ಏಪ್ರಿಲ್ ಮೇ ಬಂತು ಅಂದ್ರೆ ಶಾಲೆಗಳ ನೋಟ್‌ಬುಕ್ಕು. ಅಚ್ಚು ಹಾಕೋದು ಕಷ್ಟ ಅಲ್ಲ ಮಾರಾಯ್ರೆ, ಅದಕ್ಕೆ ಮುಂಚೆ ಕೊಡೋ ಆ ಒಂದು ಪುಟದ ಕೊಟೇಶನ್ ಇದ್ಯಲ್ಲ ಅದೇ ಕಷ್ಟ. ಅದನ್ನ ಸರಿಯಾಗಿ ಬರೆಯೋದು ನಾನು ದುಡ್ಡು ಕಳ್ಕೊಂಡೇ ಕಲ್ತಿದ್ದು.

ತೀರ್ಥಹಳ್ಳಿ ದಾಟಿ ಒಳಗಿರೋ ಒಂದು ಶಾಲೆಯವರು ಕೊಟೇಶನ್ ಕೇಳಿದ್ರು. ಶಾಲೆ ಹೆಸರಿನ ಕಲರ್ ಕವರ್ ಇರೋ 200 ಪೇಜಿನ ಪುಸ್ತಕ, 24 x 18 ಸೆಂಟಿಮೀಟರ್ ಸೈಜು. ನಾನು ಮೂರೇ ಸಾಲು ಬರೆದು ಕಳಿಸ್ದೆ: ಪುಸ್ತಕ ಒಂದಕ್ಕೆ 33 ರೂಪಾಯಿ, 2000 ಅಥವಾ ಅದಕ್ಕಿಂತ ಜಾಸ್ತಿ ತಗೊಂಡ್ರೆ 10% ಡಿಸ್ಕೌಂಟು, ಡೆಲಿವರಿ ಫ್ರೀ. ಆರ್ಡರ್ ಬಂತು, 3000 ಪುಸ್ತಕ. ಖುಷಿಯಲ್ಲಿ ಲೆಕ್ಕ ಹಾಕೋದೇ ಮರ್ತಿದ್ದೆ.

ಲೆಕ್ಕ ಹೀಗಿದೆ ನೋಡಿ. 200 ಪೇಜು ಅಂದ್ರೆ 100 ಹಾಳೆ, ಒಂದು ಹಾಳೆ 0.0432 ಚದರ ಮೀಟರ್, ನೂರಕ್ಕೆ 4.32. ಕಾಗದ 58 ಜಿಎಸ್‌ಎಂ, ಅಂದ್ರೆ ಚದರ ಮೀಟರಿಗೆ 58 ಗ್ರಾಂ ಆದ್ರೆ ಪುಸ್ತಕಕ್ಕೆ 250 ಗ್ರಾಂ ಚಿಲ್ರೆ, ಅಂದ್ರೆ ಕಾಲು ಕೆಜಿ. ಕಟಿಂಗ್, ಹಾಳಾಗಿದ್ದು ಎಲ್ಲ ಸೇರ್ಸಿ 260 ಗ್ರಾಂ ಹಿಡೀತೀನಿ. ನಂಗೆ ಆ ಸಲ ಕೆಜಿಗೆ 80ರ ಹಾಗೆ ಸಿಕ್ಕಿತ್ತು, ಹಂಗಾಗಿ ಒಳಗಿನ ಕಾಗದವೇ 20 ರೂಪಾಯಿ 80 ಪೈಸೆ. ಕವರ್ ಬೋರ್ಡು 2.20, ಕವರ್ ಅಚ್ಚಿಗೆ 50 ಪೈಸೆ, ರೂಲಿಂಗ್ ಮಡಿಕೆ ಪಿನ್ನು ಕಟಿಂಗು ಎಲ್ಲ ಕೂಡಿ 3 ರೂಪಾಯಿ, ಬಂಡಲ್ ಕಟ್ಟೋದಕ್ಕೆ 30 ಪೈಸೆ. ಒಟ್ಟು 26.80. ಇದು ಒಂದೊಂದು ಪುಸ್ತಕಕ್ಕೂ ಆಗೋ ಖರ್ಚು, ನೂರು ಮಾಡಿದ್ರೂ ಅಷ್ಟೇ ಹತ್ತು ಸಾವಿರ ಮಾಡಿದ್ರೂ ಹೆಚ್ಚುಕಮ್ಮಿ ಅಷ್ಟೇ.

ಇದರ ಮೇಲೆ ಇನ್ನೊಂದು ಖರ್ಚಿದೆ, ಅದು ಒಂದೇ ಸಲ ಆಗೋದು. ಕವರಿನ ಡಿಸೈನು, ನಾಲ್ಕು ಕಲರಿನ ಪ್ಲೇಟು, ಮಿಷಿನ್ ಸೆಟ್ ಮಾಡೋದು, ಒಂದು ಥರದ ರೂಲಿಂಗಿನ ಸೆಟ್ಟಿಂಗು ಎಲ್ಲ ಸೇರಿ ನಂಗೆ 3000 ಬೀಳುತ್ತೆ. 1000 ಪುಸ್ತಕಕ್ಕೆ ಹಂಚಿದ್ರೆ ತಲಾ 3 ರೂಪಾಯಿ, 3000ಕ್ಕೆ ಹಂಚಿದ್ರೆ ತಲಾ 1 ರೂಪಾಯಿ. ಜಾಸ್ತಿ ತಗೊಂಡ್ರೆ ಕಡಿಮೆ ಆಗೋದು ಅಂದ್ರೆ ನಿಜವಾಗಿ ಇಷ್ಟೇ, 2 ರೂಪಾಯಿ. 33ರಲ್ಲಿ ಅದು 6% ಆಗುತ್ತೆ. ನಾನು ಊರಲ್ಲೆಲ್ಲ ಹತ್ತು ಕೊಡ್ತಾರೆ ಅಂತ ಹತ್ತು ಬರೆದೆ, ಮಿಕ್ಕಿದ್ದು ನನ್ನ ಲಾಭದಿಂದ ಹೋಯ್ತು. ರೇಟು 29.70ಕ್ಕೆ ಇಳೀತು, ಖರ್ಚು 27.80, ಉಳಿದಿದ್ದು ಪುಸ್ತಕಕ್ಕೆ 1.90. 3000ಕ್ಕೆ 5700.

ಆಮೇಲೆ ಶಾಲೆಯಿಂದ ಲಿಸ್ಟ್ ಬಂತು. ಸಿಂಗಲ್ ಲೈನು, ಡಬಲ್ ಲೈನು, ಫೋರ್ ಲೈನು, ಗಣಿತದ ಚೌಕ, ಗೆರೆ ಇಲ್ಲದ್ದು. ಐದು ಥರ! ಗೆರೆ ಇಲ್ಲದ್ದು ಬರೀ 150. ಥರ ಬದಲಾದಾಗೆಲ್ಲ ಮಿಷಿನ್ ನಿಲ್ಸಿ ಬೇರೆ ಸೆಟ್ ಮಾಡ್ಬೇಕು, ಶುರುವಿನ ಒಂದಷ್ಟು ಹಾಳೆ ಕಸಕ್ಕೆ ಹೋಗುತ್ತೆ, ಒಂದಕ್ಕೆ 500 ಅಂದ್ರೂ ಜಾಸ್ತಿ ಬಂದ ನಾಲ್ಕಕ್ಕೆ 2000. ಗೆರೆ ಇಲ್ಲದ್ದಕ್ಕೆ ಎಂತ ಸೆಟ್ಟಿಂಗ್ ಅಂತ ಕೇಳ್ಬಹುದು, ರೂಲಿಂಗ್ ಇಲ್ದಿದ್ರೂ ಬೇರೆ ಲಾಟ್ ಮಾಡಿ ಎಣಿಸಿ ಕಟ್ಟೋದಿದ್ಯಲ್ಲ.

ಕೊನೇಗೆ ಗಾಡಿ. ಫ್ರೀ ಡೆಲಿವರಿ ಅಂದಾಗ ನನ್ನ ತಲೇಲಿ ಇದ್ದಿದ್ದು ಟಾಟಾ ಏಸ್. ಪುಸ್ತಕ ಒಂದು ಕವರ್ ಸೇರಿ 270 ಗ್ರಾಂ, 3000 ಅಂದ್ರೆ 810 ಕೆಜಿ. ಡ್ರೈವರ್ ಬಂಡಲ್ ಎತ್ತಿ ನೋಡಿ "ಅಣ್ಣ ಇದು ಏಳುನೂರೈವತ್ತರ ಗಾಡಿ, ತೀರ್ಥಹಳ್ಳಿ ದಾಟಿ ಆ ಮಣ್ಣಿನ ರೋಡಲ್ಲಿ ನಾನು ಹತ್ತಲ್ಲ" ಅಂದ. ಪಿಕಪ್ ಮಾಡಿದ್ವಿ, ವಾಪಸ್ ಬಾಡಿಗೆ ಸೇರಿ 3800, ಹಮಾಲಿ 500. ಮೇಲಿಂದ ಜೂನ್ ಮೊದಲ ಮಳೆ, ಟಾರ್ಪಲಿನ್ ಮೂಲೇಲಿ ನೀರು ಇಳಿದು ಒಂದು ಬಂಡಲಿನ ಕವರ್ ಉಬ್ಬಿತ್ತು, ಅದನ್ನ ಬದಲಾಯ್ಸಿ ಕೊಟ್ಟೆ, ಲೆಕ್ಕಕ್ಕೆ ಹಿಡಿದಿಲ್ಲ. 5700ರಲ್ಲಿ 2000 ಕಳೀರಿ, 4300 ಕಳೀರಿ. ಆರುನೂರು ಕೈಯಿಂದ ಹೋಯ್ತು.

ಅದೂ ಸಾಲದು ಅಂತ ದುಡ್ಡು ಕೊಡುವಾಗ ಆ ಶಾಲೆ ಕ್ಲರ್ಕು ನಗ್ತಾ ಒಂದು ಮಾತು ಹೇಳಿದ್ರು. "ನಿಮ್ ಲೆಟರಲ್ಲಿ 1900 ತಗೊಂಡ್ರೆ 62,700, 2000 ತಗೊಂಡ್ರೆ 59,400 ಅಲ್ಲ ಮಾರಾಯ್ರೆ, ನೂರು ಪುಸ್ತಕ ಜಾಸ್ತಿ ಕೊಟ್ಟು ದುಡ್ಡೂ ವಾಪಸ್ ಕೊಡ್ತೀರ!" ಕೂತು ನೋಡಿದ್ರೆ ಹೌದು. 1800 ದಾಟಿದೋರು ಯಾರಾದ್ರೂ 2000 ಬರ್ಸಿದ್ರೇ ಅವ್ರಿಗೆ ಲಾಭ. ಪೂರ್ತಿ ಆರ್ಡರ್ ಮೇಲೆ ಒಂದೇ ಸಲ ರೇಟು ಇಳ್ಸೋ ಯಾವ ಸ್ಲ್ಯಾಬ್ ಮಾಡಿದ್ರೂ ಈ ಹಳ್ಳ ಇದ್ದೇ ಇರುತ್ತೆ.

ಮುಂದಿನ ಸೀಸನ್ನಿಗೆ ಸೆಟ್ಟಿಂಗ್ ಚಾರ್ಜನ್ನೇ ಬೇರೆ ಸಾಲಲ್ಲಿ ತೋರ್ಸೋಣ ಅಂತಿದ್ದೆ. ಆದ್ರೆ ಶಾಲೆ ಕಮಿಟಿಯವರು ಮೂರು ಕೊಟೇಶನ್ ಪಕ್ಕಪಕ್ಕ ಇಟ್ಟು ನೋಡೋದು ಪುಸ್ತಕದ ರೇಟನ್ನೇ, ಬೇರೆ ಚಾರ್ಜ್ ಕಂಡ್ರೆ ಇದೆಂತಕ್ಕೆ ಅಂತ ಶುರು. ಅದಕ್ಕೆ ಅದನ್ನ ಮೊದಲ ಸಾವಿರದೊಳಗೇ ಸೇರ್ಸಿಬಿಟ್ಟೆ. ಲೆಟರಿನ ನಡುಭಾಗ ಈಗ ಹೀಗಿರುತ್ತೆ:

ವಿಷಯ: ನೋಟ್‌ಬುಕ್ ಸರಬರಾಜಿಗೆ ದರಪಟ್ಟಿ
ವಿವರ: 24 x 18 ಸೆಂ.ಮೀ., ಕವರ್ ಬಿಟ್ಟು 200 ಪುಟ (100 ಹಾಳೆ), 58 ಜಿಎಸ್‌ಎಂ ಕಾಗದ, ಶಾಲೆಯ ಹೆಸರಿನ ಬಹುವರ್ಣದ ಕವರ್.
ದರ: ಮೊದಲ 1000 ಪುಸ್ತಕಗಳಿಗೆ ತಲಾ ರೂ. 33. ಅದಕ್ಕೂ ಮೇಲ್ಪಟ್ಟ ಪ್ರತಿ ಪುಸ್ತಕಕ್ಕೆ ರೂ. 3 ರಿಯಾಯಿತಿ ಕಳೆದು ತಲಾ ರೂ. 30.
ಒಂದು ಬಗೆಯ ರೂಲಿಂಗ್ ಸೇರಿದೆ. ಹೆಚ್ಚುವರಿ ಪ್ರತಿ ಬಗೆಗೆ ರೂ. 500.
ಸಾಗಣೆ: ಶಾಲೆಯ ಗೇಟಿನವರೆಗೆ, ಒಂದೇ ಸಲಕ್ಕೆ, ಇಳಿಸುವ ಹಮಾಲಿ ಸೇರಿ ರೂ. 4300. ನಮ್ಮ ಪ್ರೆಸ್ಸಿನಿಂದ ತಾವೇ ಒಯ್ದರೆ ಈ ಮೊತ್ತ ಇರುವುದಿಲ್ಲ.
ಈ ದರ 15 ದಿನ ಮಾತ್ರ.

ಕೂಡಿ ನೋಡಿ: 3000ಕ್ಕೆ 33,000 ಮತ್ತು 60,000, ಒಟ್ಟು 93,000, ಅಂದ್ರೆ ಸರಾಸರಿ 31. ನನ್ನ ನಿಜವಾದ ಲೆಕ್ಕವೂ ಅದೇ, ಪುಸ್ತಕಕ್ಕೆ 3 ರೂಪಾಯಿ ಚಿಲ್ರೆ ಲಾಭ ಸಾವಿರದ ಮೇಲೆ ಎಷ್ಟು ತಗೊಂಡ್ರೂ ಹಂಗೇ ನಿಲ್ಲುತ್ತೆ. ಎಲ್ಲೂ ಹಳ್ಳ ಇಲ್ಲ, ಒಂದು ಪುಸ್ತಕ ಜಾಸ್ತಿ ಆದ್ರೆ 30 ರೂಪಾಯಿ ಜಾಸ್ತಿ ಅಷ್ಟೇ.

ಜಿಎಸ್‌ಟಿ ಸಾಲನ್ನೂ ನೋಡ್ಕೊಳ್ಳಿ. ನೋಟ್‌ಬುಕ್ಕಿಗೆ ಮುಂಚೆ 12% ಇತ್ತು, 2025 ಸೆಪ್ಟೆಂಬರ್ 22ರಿಂದ ಸೊನ್ನೆ, ಹಳೇ ಲೆಟರ್ ಕಾಪಿ ಮಾಡಿ ಕಳ್ಸಿದ್ರೆ ತಪ್ಪಾಗುತ್ತೆ. ಆದ್ರೆ ಕವರ್ ಬೋರ್ಡು, ಇಂಕು, ಪ್ಲೇಟು ತಗೊಳ್ಳುವಾಗ ನಾವು ಕಟ್ಟಿದ ಟ್ಯಾಕ್ಸ್ ಈಗ ವಾಪಸ್ ಸಿಗಲ್ಲ, ಅದು ಖರ್ಚೊಳಗೇ ಸೇರ್ಬೇಕು. ಮೇಲಿನ 2.20 ಅದನ್ನ ಸೇರ್ಸಿಯೇ ಹೇಳಿದ್ದು.

ಜಿಎಸ್‌ಎಂ ಮತ್ತು "ಕವರ್ ಬಿಟ್ಟು" ಅನ್ನೋದನ್ನ ಯಾಕೆ ಬರೀತೀನಿ ಅಂದ್ರೆ ಈ ಹೊಸ ಲೆಟರ್ ಕೊಟ್ಟ ವರ್ಷ ಇನ್ಯಾರೋ 28ಕ್ಕೆ ಕೊಟ್ಟಿದ್ರು. ಹೆಡ್ ಮೇಡಂ "ಅವ್ರದ್ದು ಕಮ್ಮಿ ಇದ್ಯಲ್ಲ ಸಾರ್" ಅಂದ್ರು. ನಾನು ಬೇರೇನೂ ಹೇಳ್ಲಿಲ್ಲ, ಬಿಸಿಯೂಟದ ಅಡುಗೆಮನೆ ತಕ್ಕಡಿ ತರ್ಸಿ ಹತ್ತು ಹತ್ತು ಸ್ಯಾಂಪಲ್ ಇಡೋಣ ಮೇಡಂ ಅಂದೆ. ನಮ್ದು 2 ಕೆಜಿ 700, ಅದು 2 ಕೆಜಿ 450. 52 ಜಿಎಸ್‌ಎಂ ಇರ್ಬೇಕು, ಇಂಕ್ ಪೆನ್ನಲ್ಲಿ ಬರೆದ್ರೆ ಹಿಂದಿನ ಪುಟಕ್ಕೆ ಕಾಣ್ತಿತ್ತು. (ಮಳೆಗಾಲದಲ್ಲಿ ಕಾಗದ ತೇವ ಎಳ್ಕೊಂಡು ತೂಕ ಸ್ವಲ್ಪ ಏರುತ್ತೆ, ತೂಗೋದಾದ್ರೆ ಎರಡನ್ನೂ ಒಂದೇ ದಿನ ತೂಗಿ.)

ಹೊಸ ಲೆಟರ್ ಪ್ರಕಾರ ಐದು ಥರಕ್ಕೆ, ಸಾಗಣೆ ಸೇರಿ 99,300 ಆಗ್ತಿತ್ತು, ಹಿಂದಿನ ವರ್ಷ 89,100 ಕೊಟ್ಟಿದ್ದೋರು. ಮೇಡಂ ಒಂದು ನಿಮಿಷ ಸುಮ್ನೆ ನೋಡಿದ್ರು. ಆಮೇಲೆ ಕ್ಲರ್ಕಿಗೆ "ಡಬಲ್ ಲೈನೂ ಗೆರೆ ಇಲ್ಲದ್ದೂ ಅಂಗಡಿಯಲ್ಲೇ ತಗೊಳ್ಳಿ ಅಂತ ಹೇಳೋಣ" ಅಂದ್ರು, ಆ ಪುಸ್ತಕಗಳನ್ನ ಸಿಂಗಲ್ ಲೈನಿಗೆ ಸೇರ್ಸಿದ್ರು. ಮೂರೇ ಥರ ಉಳೀತು. ಶಾಲೆ ಬಸ್ಸು ಎಫ್‌ಸಿಗೆ ಅಂತ ಹೇಗೂ ಶಿವಮೊಗ್ಗಕ್ಕೆ ಬರೋದಿತ್ತು, ವಾಪಸ್ ಹೋಗ್ತಾ ಸೀಟ್ ಮೇಲೆಲ್ಲ ಬಂಡಲ್ ಪೇರ್ಸ್ಕೊಂಡು ಹೋಯ್ತು. ಬಿಲ್ 94,000ಕ್ಕೆ ನಿಂತು, ಕ್ಲರ್ಕು ಚೆಕ್ ಕೊಡುವಾಗ ಈ ಸಲ ನಗಲಿಲ್ಲ.