ಸೋಮವಾರವೇ ಕಳಿಸಿದ ಬಿಲ್ಲು ತಡವಾದದ್ದು ಹೇಗೆ?

ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನ ಒಬ್ಬ ಗ್ರಾಹಕರಿಗೆ ನಾನೊಂದು ಮೇಲ್ ಬರೆದೆ. ಬಿಲ್ಲು ಸೋಮವಾರ ಹೋಗಿತ್ತು. ಗುರುವಾರವಾದರೂ ಅವರ ಕಡೆಯಿಂದ ಅಪ್ರೂವಲ್ ಇಲ್ಲ. 'ಸೋಮವಾರವೇ ಕಳಿಸಿದ್ದೀವಲ್ಲ' ಎಂದು ಗೊಣಗುತ್ತಾ ಟೈಪ್ ಮಾಡಿದೆ: "ವಿ ಸೆಂಟ್ ದಿ ಇನ್‌ವಾಯ್ಸ್ ಆನ್ ಮಂಡೇ ಓನ್ಲಿ." ಅವರು ಓದಿಕೊಂಡಿದ್ದು ಹೀಗೆ: 'ಸೋಮವಾರದವರೆಗೂ ನಾವು ಕಳಿಸಿರಲೇ ಇಲ್ಲ.' ತಡ ಯಾಕಾಯಿತು ಎಂದು ನನ್ನನ್ನೇ ಕೇಳಿದರು!

ಇಲ್ಲಿ ಎಡವಿಸಿದ್ದು ನಮ್ಮ ಪುಟ್ಟ 'ಏ'. ಸೋಮವಾರವೇ, ನಾನೇ, ಇಲ್ಲೇ, ಇವತ್ತೇ. ಮಾತಿನ ಕೊನೆಗೆ ಅಂಟಿಕೊಂಡು ಇದು ಹತ್ತಾರು ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಸರಿಸಾಟಿಯಾದ ಒಂದು ಪದ ಇಲ್ಲ. ನಾವು ಸುಮ್ನೆ 'ಓನ್ಲಿ' ಅಥವಾ 'ಇಟ್ಸೆಲ್ಫ್' ಹಾಕಿ ಮುಂದೆ ಹೋಗುತ್ತೇವೆ. ಹಿಂದಿಯ 'ಹೀ', ತಮಿಳಿನ 'ತಾನ್' ಆಡುವವರೂ ಹೀಗೇ ಮಾಡುವುದರಿಂದ ನಮ್ಮನಮ್ಮಲ್ಲಿ ಎಲ್ಲರಿಗೂ ಅರ್ಥವಾಗಿಬಿಡುತ್ತದೆ. ತೊಂದರೆ ಕಾಣುವುದು ಮೇಲ್ ದೇಶ ದಾಟಿದಾಗ.

ಸರಿಪಡಿಸುವುದು ಹೇಗೆ? ಮೊದಲು ಮೇಲ್ ಪೂರ್ತಿ ಬರೆದು ಮುಗಿಸಿ. ಆಮೇಲೆ Ctrl+F ಒತ್ತಿ ಓನ್ಲಿ, ಇಟ್ಸೆಲ್ಫ್ ಎಲ್ಲೆಲ್ಲಿವೆ ಹುಡುಕಿ. ಸಿಕ್ಕ ಒಂದೊಂದು ಸಾಲನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ. ಈಗ 'ಏ' ತೆಗೆದು ಅಲ್ಲಿ 'ಮಾತ್ರ' ಇಟ್ಟು ನೋಡಿ. ಅರ್ಥ ಕೆಡಲಿಲ್ಲವೇ? ಹಾಗಾದರೆ 'ಓನ್ಲಿ' ಇರಲಿ. ಚೆಕ್ಕಿನ ಮೇಲೆ 'ಐದು ಸಾವಿರ ರೂಪಾಯಿ ಮಾತ್ರ' ಎಂದು ಬರೆಯುತ್ತೇವಲ್ಲ, ಅಂಥ ಕಡೆ ಇರುವುದು ನಿಜವಾದ ಓನ್ಲಿ.

'ಮಾತ್ರ' ಕೂರದಿದ್ದರೆ ಆ 'ಏ' ಬೇರೇನೋ ಹೇಳುತ್ತಿದೆ ಎಂದರ್ಥ. 'ಸೋಮವಾರವೇ' ಅಂದರೆ 'ಆಗಲೇ ಕಳಿಸಿ ಆಗಿದೆ' ಎಂದಲ್ವಾ? ಅಲ್ಲಿಗೆ 'ಆಲ್ರೆಡಿ' ಸಾಕು. ಎಷ್ಟೋ ಸಲ ದಿನದ ಹೆಸರೊಂದನ್ನೇ ಬರೆದರೂ ನಡೆಯುತ್ತದೆ. 'ನಾನೇ ಕಳಿಸಿದೆ' ಎಂಬಲ್ಲಿ 'ಖುದ್ದು' ಎಂಬ ಅರ್ಥವಿದೆ, ಅದು 'ಐ ಸೆಂಟ್ ಇಟ್ ಮೈಸೆಲ್ಫ್' ಆಗಬೇಕು. ಅದನ್ನೇ 'ಐ ಓನ್ಲಿ ಸೆಂಟ್ ಇಟ್' ಎಂದರೆ 'ನಾನು ಬರೀ ಕಳಿಸಿದ್ದಷ್ಟೇ, ಮಿಕ್ಕಿದ್ದು ನನಗೆ ಗೊತ್ತಿಲ್ಲ' ಎಂದು ಕೈ ತೊಳೆದುಕೊಂಡ ಹಾಗೆ ಕೇಳಿಸುತ್ತದೆ. ಜವಾಬ್ದಾರಿ ಹೊತ್ತೆ ಎಂದು ಹೇಳಹೊರಟವರು ಜಾರಿಕೊಂಡ ಹಾಗಾಯಿತು.

'ಟುಡೇ ಇಟ್ಸೆಲ್ಫ್' ಅಷ್ಟು ಅಪಾಯದ್ದಲ್ಲ, ಅರ್ಥ ಉಲ್ಟಾ ಆಗುವುದಿಲ್ಲ. ಆದರೆ 'ಇವತ್ತೇ ಬೇಕು' ಎನ್ನುವಾಗಿನ ಒತ್ತಾಯ ಅದರಲ್ಲಿ ಓದುವವರಿಗೆ ದಾಟುವುದಿಲ್ಲ. ಅದರ ಬದಲು ಗಂಟೆ ಬರೆಯಿರಿ: 'ಬೈ 5 ಪಿಎಂ ಟುಡೇ'. ಹೊರದೇಶದವರಾದರೆ ಯಾರ ಊರಿನ 5 ಗಂಟೆ ಎಂಬುದನ್ನೂ ಹೇಳಿಬಿಡಿ.

ಇನ್ನು ನಮ್ಮ 'ಏನ್ ಮಾಡೋದು'. ಮಾತಿನಲ್ಲಿ ಅದು ಪ್ರಶ್ನೆಯೇ ಅಲ್ಲ, ಒಂದು ನಿಟ್ಟುಸಿರು. "ಸರ್ವರ್ ಡೌನ್, ಏನ್ ಮಾಡೋದು ಹೇಳಿ" ಎಂದರೆ ಎದುರಿನವರು "ಹೌದಪ್ಪಾ" ಎಂದು ತಲೆಯಾಡಿಸುತ್ತಾರೆ. ಮೇಲ್‌ನಲ್ಲಿ 'ವಾಟ್ ಟು ಡೂ?' ಎಂದು ಬರೆದರೆ ನಿಟ್ಟುಸಿರು ಹೋಗಿ ಪ್ರಶ್ನಾರ್ಥಕ ಚಿಹ್ನೆ ಮಾತ್ರ ಉಳಿಯುತ್ತದೆ. ಓದಿದವರು ಸಲಹೆ ಕೊಡಲು ಕೂರುತ್ತಾರೆ, ಇಲ್ಲವೇ ಇವರಿಗೆ ಕೆಲಸ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ಆ ಜಾಗದಲ್ಲಿ ನಿಮಗೆ ಅವರಿಂದ ಏನಾಗಬೇಕು ಎಂಬುದನ್ನು ಬರೆಯಿರಿ. ಏನೂ ಆಗಬೇಕಿಲ್ಲ ಎಂದಾದರೆ ಸಾಲನ್ನೇ ಅಳಿಸಿ.

ನನ್ನ ಹಳೆಯ ಮೇಲ್‌ನಲ್ಲಿ ಈ ಮೂರೂ ಇದ್ದವು: "ವಿ ಸೆಂಟ್ ದಿ ಇನ್‌ವಾಯ್ಸ್ ಆನ್ ಮಂಡೇ ಓನ್ಲಿ. ಐ ಓನ್ಲಿ ಸೆಂಟ್ ಇಟ್. ಸ್ಟಿಲ್ ನೋ ಅಪ್ರೂವಲ್, ವಾಟ್ ಟು ಡೂ? ಪ್ಲೀಸ್ ಡೂ ಇಟ್ ಟುಡೇ ಇಟ್ಸೆಲ್ಫ್." ಈಗ ಬರೆದರೆ ಹೀಗೆ ಬರೆಯುತ್ತೇನೆ: "ಐ ಸೆಂಟ್ ದಿ ಇನ್‌ವಾಯ್ಸ್ ಮೈಸೆಲ್ಫ್ ಆನ್ ಮಂಡೇ. ಇಟ್ ಈಸ್ ಸ್ಟಿಲ್ ವೇಟಿಂಗ್ ಫಾರ್ ಯುವರ್ ಅಪ್ರೂವಲ್. ಕುಡ್ ಯೂ ಪ್ಲೀಸ್ ಅಪ್ರೂವ್ ಇಟ್ ಬೈ 5 ಪಿಎಂ ಯುಕೆ ಟೈಮ್ ಟುಡೇ?"

ಹಾಗಂತ ಪಕ್ಕದ ಸೀಟಿನವರಿಗೆ ಕಳಿಸುವ ಚಾಟ್‌ಗೆಲ್ಲ Ctrl+F ಹಾಕುತ್ತಾ ಕೂರಬೇಡಿ. "ಐಯಾಮ್ ಇನ್ ಕ್ಯಾಂಟೀನ್ ಓನ್ಲಿ" ಎಂದರೆ ಅವರು ಕಾಫಿಗೆ ಬಂದೇ ಬರುತ್ತಾರೆ.