ಬೋರ್ಡಿನ ಮೇಲಿದ್ದ ನೀರಿನ ನೋಟಿಸನ್ನು ಇಂಗ್ಲಿಷಿಗೆ ತಂದಿದ್ದು

ನಮ್ಮದು ಬೆಂಗಳೂರಿನಲ್ಲಿ 24 ಮನೆಗಳ ಒಂದು ಅಪಾರ್ಟ್‌ಮೆಂಟ್. ಸಂಘದ ಕಾರ್ಯದರ್ಶಿ ನಿವೃತ್ತರು, ಕನ್ನಡದಲ್ಲಿ ಚೆನ್ನಾಗಿ ಬರೆಯುತ್ತಾರೆ. ಆದರೆ ಸರಿಸುಮಾರು ಅರ್ಧ ಮನೆಗಳಲ್ಲಿ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ನೋಟಿಸ್ ಬಂದಾಗಲೆಲ್ಲ ಅದನ್ನು ಇಂಗ್ಲಿಷ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವುಗಳಲ್ಲಿ ಒಂದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ನೀರಿನ ನೋಟಿಸ್‌ನಲ್ಲಿ ಏನೇನು ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದು ಅದೊಂದರಲ್ಲೇ ಕಾಣುತ್ತದೆ.

ನೋಟಿಸ್ ಹೀಗಿತ್ತು:

"ಜಲಮಂಡಳಿಯ ದುರಸ್ತಿ ಕಾಮಗಾರಿಯ ನಿಮಿತ್ತ ಮಂಗಳವಾರ ರಾತ್ರಿ 1 ಗಂಟೆಯಿಂದ ಗುರುವಾರ ಬೆಳಿಗ್ಗೆಯವರೆಗೆ ಕಾವೇರಿ ನೀರು ಇರುವುದಿಲ್ಲ. ಬುಧವಾರ ಸಂಪ್ ಹಾಗೂ ಓವರ್‌ಹೆಡ್ ಟ್ಯಾಂಕ್ ನಿರ್ವಹಣೆ ಇರುತ್ತದೆ. ನಂತರ ಬೋರ್‌ವೆಲ್ ನೀರನ್ನು ಬಳಕೆಗೆ ಮಾತ್ರ ಬಿಡಲಾಗುವುದು. ನಿವಾಸಿಗಳು ಅಗತ್ಯಕ್ಕೆ ತಕ್ಕಷ್ಟು ನೀರು ಶೇಖರಿಸಿಟ್ಟುಕೊಂಡು ಸಹಕರಿಸಬೇಕಾಗಿ ವಿನಂತಿ. ನಿರ್ವಹಣಾ ಶುಲ್ಕವನ್ನು 10ನೇ ತಾರೀಖಿನೊಳಗೆ ಪಾವತಿಸತಕ್ಕದ್ದು. ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು."

ಕನ್ನಡದವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಏನಾದರೂ ಬಿಟ್ಟುಹೋಗಿದ್ದರೆ ಗೇಟಿನ ಹತ್ತಿರ ವಾಚ್‌ಮ್ಯಾನನ್ನು ಕೇಳುತ್ತಾರೆ, ಮುಗೀತು. ಓದಲು ಬರದವರಿಗೆ ಆ ದಾರಿಯೂ ಇಲ್ಲ. ನಮ್ಮ ವಾಚ್‌ಮ್ಯಾನ್ ಅಣ್ಣನಿಗೆ ಹಿಂದಿ ಬರುವುದು 'ಪಾನಿ ನಹೀ' ಅನ್ನುವಷ್ಟೇ. ಆದ್ದರಿಂದ ಅವರ ಕೈಗೆ ಹೋಗುವ ಹಾಳೆಯಲ್ಲಿ ಅವನು ಹೇಳಬಹುದಾದದ್ದೂ ಇರಬೇಕು. ನಾನು ಇಂಗ್ಲಿಷಿಗೆ ಕೈ ಹಾಕುವ ಮುಂಚೆ ಪೆನ್ಸಿಲ್ ಹಿಡಿದು, ಪ್ರತಿ ವಾಕ್ಯದ ಪಕ್ಕ "ಹಾಗಾದ್ರೆ ನಲ್ಲಿಯಲ್ಲಿ ಏನಾಗುತ್ತೆ?" ಎಂದು ಕೇಳಿಕೊಳ್ಳುತ್ತಾ ಹೋಗುತ್ತೇನೆ.

ಮೊದಲ ವಾಕ್ಯದಲ್ಲೇ ಎರಡು ತೊಡಕು. ಮಂಗಳವಾರ ರಾತ್ರಿ 1 ಗಂಟೆ ಅಂದರೆ ನಮಗೆ ಮಂಗಳವಾರ ಊಟ ಮಾಡಿ ಮಲಗಿದ ಮೇಲಿನ ರಾತ್ರಿ. ನಮ್ಮ ಲೆಕ್ಕದಲ್ಲಿ ಬೆಳಗಾಗುವ ತನಕ ಅದು ಮಂಗಳವಾರವೇ. ಇಂಗ್ಲಿಷಿನಲ್ಲಿ 'ಟ್ಯೂಸ್‌ಡೇ ಒನ್ ಎ.ಎಂ.' ಎಂದು ಬರೆದರೆ ಪೂರ್ತಿ ಒಂದು ದಿನ ಹಿಂದಕ್ಕೆ ಹೋಗುತ್ತದೆ. ಓದಿದವರು ಸೋಮವಾರ ರಾತ್ರಿಯೇ ಬಕೆಟ್ ತುಂಬಿಸಿ ಕಾಯುತ್ತಾರೆ. ನಾನು ಯಾವಾಗಲೂ ವಾರ, ತಾರೀಖು ಎರಡನ್ನೂ ಹಾಕಿ, 'ಬುಧವಾರ ಬೆಳಗಿನ ಜಾವ 1 ಗಂಟೆ' ಅನ್ನುವ ಅರ್ಥದಲ್ಲಿ ಬರೆದು, ಪಕ್ಕದಲ್ಲಿ 'ಮಂಗಳವಾರ ಮಧ್ಯರಾತ್ರಿ ಕಳೆದ ಮೇಲೆ' ಎಂದು ಸೇರಿಸುತ್ತೇನೆ. ಉದ್ದವಾದರೂ ಪರವಾಗಿಲ್ಲ.

ಎರಡನೆಯದು 'ಕಾವೇರಿ ನೀರು ಇರುವುದಿಲ್ಲ'. ಇದನ್ನು ಹಾಗೇ ಇಂಗ್ಲಿಷ್ ಮಾಡಿದರೆ, ನಲ್ಲಿಯಲ್ಲಿ ನೀರೇ ಬರಲ್ಲ ಎಂದು ಹೊಸಬರು ಗಾಬರಿಯಾಗುತ್ತಾರೆ. ಬೆಂಗಳೂರಿನ ವ್ಯವಸ್ಥೆ ಅವರಿಗೆ ಗೊತ್ತಿಲ್ಲ ಅಲ್ವಾ? ಇಲ್ಲಿ ಮಂಡಳಿಯ ನೀರು ನೇರ ನಲ್ಲಿಗೆ ಬರುವುದಿಲ್ಲ. ಬಿಡುವ ಹೊತ್ತಿನಲ್ಲಿ ಬಂದು ಸಂಪಿಗೆ ಬೀಳುತ್ತದೆ, ಮೋಟರ್ ಅದನ್ನು ಮೇಲಿನ ಟ್ಯಾಂಕಿಗೆ ಎತ್ತುತ್ತದೆ, ನಲ್ಲಿಗೆ ಬರುವುದು ಅಲ್ಲಿಂದ. ಮಂಡಳಿಯ ನೀರು ನಿಂತರೂ ಸಂಪಿನಲ್ಲಿ ಇರುವಷ್ಟು ಹೊತ್ತು ನಲ್ಲಿ ಓಡುತ್ತದೆ. ಅಂದಹಾಗೆ 'ಸಂಪ್' ಅನ್ನುವುದೂ ಎಲ್ಲರಿಗೂ ಗೊತ್ತಿರುವ ಮಾತಲ್ಲ. ದೆಹಲಿಯಿಂದ ಬಂದ ಪಕ್ಕದ ಮನೆಯವರು ಅದನ್ನು ಅಂಡರ್‌ಗ್ರೌಂಡ್ ಟ್ಯಾಂಕ್ ಅನ್ನುತ್ತಾರೆ. ನಾನು ಹಾಗೇ ಬರೆಯುತ್ತೇನೆ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಸಂಪ್ 25 ಸಾವಿರ ಲೀಟರ್‌ನದು. ಮನೆಗೆ ನಾಲ್ಕು ಜನ ಎಂದರೆ 96 ಮಂದಿ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರಿ ಲೆಕ್ಕ. ಅಲ್ಲಿಗೆ ದಿನಕ್ಕೆ ಸುಮಾರು 13 ಸಾವಿರ ಲೀಟರ್. ತುಂಬಿದ ಸಂಪ್ ಹೆಚ್ಚುಕಡಿಮೆ ಎರಡು ದಿನಕ್ಕೆ ಸಾಕಾಗುತ್ತದಲ್ಲ, ಮತ್ತೇಕೆ ನೀರು ತುಂಬಿಸಿಡಲು ಹೇಳುತ್ತಿದ್ದಾರೆ? ಎರಡನೇ ವಾಕ್ಯವನ್ನು ಇದರ ಜೊತೆಗಿಟ್ಟು ನೋಡಿದಾಗ ತಿಳಿಯಿತು: ಬುಧವಾರ ಸಂಪನ್ನೂ ಮೇಲಿನ ಟ್ಯಾಂಕನ್ನೂ ತೊಳೆಯುತ್ತಾರೆ, ಅಂದರೆ ಖಾಲಿ ಮಾಡುತ್ತಾರೆ. ತೊಳೆಯುವ ಹೊತ್ತಿನಲ್ಲಿ ಎಲ್ಲ ನಲ್ಲಿಗಳೂ ಒಣಗಿರುತ್ತವೆ. ಆ ವಿಷಯ ನೋಟಿಸಿನಲ್ಲಿ ಎಲ್ಲೂ ಇರಲಿಲ್ಲ.

ಕಾರ್ಯದರ್ಶಿಗಳ ಮನೆಗೆ ಹೋದೆ. "ಸಾರ್, ತೊಳೆಯೋದು ಎಷ್ಟು ಗಂಟೆಗೆ?"

"ಹತ್ತಕ್ಕೆ ಶುರು ಮಾಡ್ತಾರೆ. ನಾಲ್ಕಕ್ಕೆಲ್ಲ ಮುಗಿಯುತ್ತೆ."

"ಕಾವೇರಿ ನೀರು ಇಲ್ಲದ ದಿನವೇ ಯಾಕೆ ಸಾರ್?"

"ಸಂಪ್ ತುಂಬಿದ ದಿನ ತೊಳೆದ್ರೆ ಅಷ್ಟೂ ನೀರು ಮೋರಿಗೆ ಹೋಗುತ್ತಲ್ಲಪ್ಪ. ಸುಮ್ನೆ ಹಾಳು. ಹೆಂಗೂ ನೀರು ನಿಲ್ಲುತ್ತೆ, ಸಂಪಿನಲ್ಲಿ ಇರೋದೂ ಇಳಿದಿರುತ್ತೆ, ಆಗಲೇ ತೊಳೆಸಿಬಿಡೋದು ಅಂತ."

ಒಳ್ಳೆಯ ಕಾರಣ. ಆದರೆ ಇದನ್ನು ಒಂದು ಸಾಲಿನಲ್ಲಾದರೂ ಹೇಳದಿದ್ದರೆ "ನೀರಿಲ್ಲದ ದಿನವೇ ಟ್ಯಾಂಕ್ ಖಾಲಿ ಮಾಡ್ತಾರಂತೆ, ಇವರಿಗೇನು ಬುದ್ಧಿ ಇಲ್ವಾ" ಎಂಬ ಮಾತು ಬರುವುದು ಖಂಡಿತ. ಹಾಗಾಗಿ ಕಾರಣವನ್ನೂ ಹಾಕಿದೆ. 'ನಿರ್ವಹಣೆ' ಅನ್ನುವ ಬದಲು 'ಟ್ಯಾಂಕ್ ಕ್ಲೀನಿಂಗ್' ಎಂದು ಬರೆದೆ. ಕೆಳಗೆ ನಿರ್ವಹಣಾ ಶುಲ್ಕವೂ ಇದೆಯಲ್ಲ, ಇಂಗ್ಲಿಷಿನಲ್ಲಿ ಎರಡೂ ಮೇಂಟೆನೆನ್ಸ್ ಆದರೆ ಬುಧವಾರದ ಕೆಲಸಕ್ಕೇ ದುಡ್ಡು ಕೇಳುತ್ತಿದ್ದಾರೆ ಅನ್ನಿಸುತ್ತದೆ.

ಇನ್ನು 'ಬಳಕೆಗೆ ಮಾತ್ರ'. ಇಡೀ ನೋಟಿಸಿನಲ್ಲಿ ನನಗೆ ಭಯ ಹುಟ್ಟಿಸಿದ್ದು ಇದೊಂದೇ. ಬಳಸುವ ನೀರು ಬೇರೆ, ಕುಡಿಯುವ ನೀರು ಬೇರೆ ಅನ್ನುವುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. 'ಫಾರ್ ಯೂಸ್ ಓನ್ಲಿ' ಎಂದರೆ ಇಂಗ್ಲಿಷ್ ಓದುವವರಿಗೆ ಏನೂ ಹೇಳಿದ ಹಾಗಾಗುವುದಿಲ್ಲ. ಯಾವ ಬಳಕೆ? ಕುಡಿಯುವುದೂ ಬಳಕೆಯೇ ತಾನೇ? ಎಲ್ಲಕ್ಕಿಂತ ಮುಖ್ಯ, ನಮ್ಮಲ್ಲಿ ಬೋರ್‌ವೆಲ್ಲಿಗೆ ಬೇರೆ ಪೈಪ್ ಇಲ್ಲ. ಅದೇ ಸಂಪು, ಅದೇ ಟ್ಯಾಂಕು, ಅಡುಗೆಮನೆಯ ಅದೇ ನಲ್ಲಿ. ನೋಡಲು ನೀರು ತಿಳಿಯಾಗೇ ಇರುತ್ತದೆ. ಬುಧವಾರ ಸಂಜೆಯ ನಂತರ ಆ ನಲ್ಲಿಯಲ್ಲಿ ಬರುವುದು ಬೋರ್ ನೀರು ಎಂದು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಈ ವಾಕ್ಯವನ್ನು ತಿರುಗಿಸಿಟ್ಟೆ. ಯಾವುದಕ್ಕೆ ಬೇಡ ಅನ್ನುವುದು ಮೊದಲು: ಕುಡಿಯಲು ಬೇಡ, ಅಡುಗೆಗೆ ಬೇಡ. ಸ್ನಾನ, ಬಟ್ಟೆ, ಪಾತ್ರೆ, ಟಾಯ್ಲೆಟ್‌ಗೆ ಆಗುತ್ತದೆ ಅನ್ನುವುದು ಆಮೇಲೆ. ಈ ಒಂದು ಸಾಲನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದೆ. ಹಿಂದೆ ಒಮ್ಮೆ ಇಂಥದೇ ನೋಟಿಸಿಗೆ ಬಂದಿದ್ದ ಪ್ರಶ್ನೆ ನೆನಪಿತ್ತು: "ಕಾಯಿಸಿ ಕುಡಿಯಬಹುದಾ? ಪ್ಯೂರಿಫೈಯರ್ ಇದೆಯಲ್ಲ?" ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಕರಗಿರುವ ಲವಣ ಹೋಗುವುದಿಲ್ಲ. ಬರೀ ಯು.ವಿ. ಇರುವ ಪ್ಯೂರಿಫೈಯರ್‌ದೂ ಅದೇ ಕಥೆ. ಆರ್.ಒ. ಲವಣವನ್ನು ತೆಗೆಯುತ್ತದೆ ನಿಜ, ಆದರೆ ನಮ್ಮ ಬೋರ್ ನೀರಿನ ಪರೀಕ್ಷೆಯ ರಿಪೋರ್ಟ್ ಇತ್ತೀಚಿನದಲ್ಲ. ಹಾಗಿರುವಾಗ ಯಾವ ಮನೆಗೂ 'ಕುಡಿಯಿರಿ' ಎಂದು ಬರೆಯುವ ಹಕ್ಕು ನನಗಿಲ್ಲ. 'ಕಾಯಿಸಿದರೂ ಬೇಡ' ಎಂದು ಸೇರಿಸಲು ಕಾರ್ಯದರ್ಶಿಗಳ ಒಪ್ಪಿಗೆ ತೆಗೆದುಕೊಂಡೆ.

'ಅಗತ್ಯಕ್ಕೆ ತಕ್ಕಷ್ಟು' ಅನ್ನುವುದಕ್ಕೆ ಅಂಕಿ ಕೊಡುವುದು ಒಳ್ಳೆಯದು. ಇಲ್ಲದಿದ್ದರೆ ಕೆಲವರು ಒಂದು ಬಾಟಲ್ ಹಿಡಿದಿಡುತ್ತಾರೆ, ಇನ್ನು ಕೆಲವರು ಮನೆಯಲ್ಲಿರುವ ಡ್ರಮ್ಮನ್ನೆಲ್ಲ ತುಂಬಿಸುತ್ತಾರೆ. ನಾಲ್ಕು ಜನರ ಮನೆಗೆ ಕುಡಿಯಲು, ಅಡುಗೆಗೆ 20 ಲೀಟರ್, ಅಂದರೆ ಒಂದು ಕ್ಯಾನ್. ಹತ್ತರಿಂದ ನಾಲ್ಕರವರೆಗೆ ಬಚ್ಚಲಿಗೆ ಎರಡು ಬಕೆಟ್. ಬುಧವಾರ ಬೆಳಿಗ್ಗೆ 9ರೊಳಗೆ ತುಂಬಿಸಿ ಎಂದು ಬರೆದೆ.

ಗುರುವಾರ ಬೆಳಿಗ್ಗೆ ಅನ್ನುವುದನ್ನೂ ಸ್ವಲ್ಪ ಸಡಿಲ ಮಾಡಿದೆ. ನೀರು ಬರುವುದು ತೊರೆಕಾಡನಹಳ್ಳಿ ಕಡೆಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ. ಪಂಪ್ ಶುರುವಾದ ತಕ್ಷಣ ನಮ್ಮ ಬೀದಿಯ ಕೊನೆಗೆ ಒತ್ತಡ ಬಂದುಬಿಡುವುದಿಲ್ಲ. ಹಾಗಾಗಿ 'ಗುರುವಾರ ಬೆಳಿಗ್ಗೆ ನಿರೀಕ್ಷೆ, ಸಂಜೆಯಾಗಲೂಬಹುದು' ಎಂದಿಟ್ಟೆ. ಕಾವೇರಿ ನೀರು ಸಂಪಿಗೆ ಬಂದ ಮೇಲೆ ಗ್ರೂಪಿನಲ್ಲಿ ತಿಳಿಸುತ್ತೇವೆ, ಅಲ್ಲಿಯವರೆಗೆ ನಲ್ಲಿ ನೀರು ಕುಡಿಯಬೇಡಿ ಎಂದೂ ಬರೆದೆ. ದುರಸ್ತಿಯ ನಂತರ ಮೊದಲು ಬರುವ ನೀರು ಕೆಂಪಗೆ, ಮಣ್ಣು ಮಣ್ಣಾಗಿ ಇರುವುದುಂಟು. ಅದನ್ನು ಸಂಪಿಗೆ ಬಿಡದೆ ಹೊರಗೆ ಹರಿಸುವುದು ವಾಚ್‌ಮ್ಯಾನ್ ಕೆಲಸ. ಹಾಳೆಗೆ ಅದು ಬೇಕಿರಲಿಲ್ಲ, ಅವನಿಗೆ ಬಾಯಲ್ಲೇ ಹೇಳಿದೆವು.

ಶುಲ್ಕದ ಭಾಗ ಬೇಗ ಮುಗಿಯಿತು, ಒಂದು ಮಾತನ್ನು ಬಿಟ್ಟು. 'ಕ್ರಮ ಜರುಗಿಸಲಾಗುವುದು' ಅನ್ನುವುದು ಕನ್ನಡ ನೋಟಿಸ್‌ಗಳಲ್ಲಿ ಮಾಮೂಲಿ, ಯಾರೂ ಹೆದರುವುದಿಲ್ಲ. ಇಂಗ್ಲಿಷಿನಲ್ಲಿ ಅದು ವಕೀಲರ ಪತ್ರದ ಹಾಗೆ ಕೇಳುತ್ತದೆ. ಅದೂ ನೀರಿನ ವಿಷಯ ಇರುವ ಹಾಳೆಯಲ್ಲೇ ಬಂದರೆ, ದುಡ್ಡು ಕಟ್ಟದವರ ನೀರು ನಿಲ್ಲಿಸುತ್ತಾರೆ ಎಂದೇ ಅರ್ಥವಾಗುತ್ತದೆ. ಏನು ಕ್ರಮ ಸಾರ್ ಎಂದು ಕೇಳಿದರೆ, "ಏನಿಲ್ಲಪ್ಪ, ತಿಂಗಳಿಗೆ ನೂರು ರೂಪಾಯಿ ಫೈನ್" ಅಂದರು. ಅಷ್ಟನ್ನೇ ಬರೆದು, ಶುಲ್ಕದ ವಿಷಯವನ್ನು ಬೇರೆ ಹಾಳೆಗೆ ಹಾಕಿದೆ. ಸಂಘ ಕೇಳುವುದು ಮನೆ ಮಾಲೀಕರನ್ನು. ಬಾಡಿಗೆಯವರು ಕಟ್ಟಬೇಕೋ ಬೇಡವೋ ಅನ್ನುವುದು ಅವರ ಕರಾರಿನಲ್ಲಿ ಇರುತ್ತದೆ. ಅದಕ್ಕೂ ಒಂದು ಸಾಲು.

ಇಷ್ಟೆಲ್ಲ ಸೇರಿಸಿದ ಮೇಲೆ ಇಂಗ್ಲಿಷ್ ಹಾಳೆಯಲ್ಲಿ ಕನ್ನಡದ ಹಾಳೆಗಿಂತ ಜಾಸ್ತಿ ವಿಷಯ ಇತ್ತು. ಹಾಗೇ ಬಿಡುವುದು ಸರಿಯಲ್ಲ. ಒಂದೇ ಕಟ್ಟಡದಲ್ಲಿ ಎರಡು ಬಗೆಯ ಸೂಚನೆ ಓಡಾಡಿದರೆ ಜಗಳಕ್ಕೆ ದಾರಿ. ಮನೆಕೆಲಸಕ್ಕೆ ಬರುವ ಅಕ್ಕಂದಿರು ಓದುವುದೂ ಕನ್ನಡವನ್ನೇ, ಪಾತ್ರೆ ತೊಳೆಯುವವರು, ಅಡುಗೆ ಮಾಡುವವರು ಅವರೇ. ಹಾಗಾಗಿ ಗಂಟೆ, ಕಾರಣ, ಕುಡಿಯಬೇಡಿ ಅನ್ನುವ ಸಾಲು, ಎಲ್ಲವನ್ನೂ ಕನ್ನಡಕ್ಕೂ ಸೇರಿಸಿ, ಕಾರ್ಯದರ್ಶಿಗಳು ಎರಡಕ್ಕೂ ಸಹಿ ಹಾಕಿದರು. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್, ಒಂದೇ ತಾರೀಖು. ಗ್ರೂಪಿಗೆ ಫೋಟೊ ಕಳಿಸದೆ ಟೈಪ್ ಮಾಡಿ ಹಾಕಿದೆ. ಅಕ್ಷರವಾಗಿದ್ದರೆ ಬೇಕಾದವರು ಕಾಪಿ ಮಾಡಿ ತಮ್ಮ ಮನೆಯ ಹಿರಿಯರಿಗೆ ಅವರ ಭಾಷೆಯಲ್ಲಿ ಬರೆದು ಕಳಿಸಬಹುದು.

ಅಷ್ಟರಲ್ಲಿ ಮಂಡಳಿಯ ಕಾಮಗಾರಿಯೇ ಒಂದು ದಿನ ಮುಂದಕ್ಕೆ ಹೋಯಿತು. ಕಾರ್ಯದರ್ಶಿಗಳು ಗ್ರೂಪಿನಲ್ಲಿ 'ಒಂದು ದಿನ ಮುಂದಕ್ಕೆ' ಎಂದಷ್ಟೇ ಹಾಕಿದ್ದರು. ಇಂಗ್ಲಿಷಿನಲ್ಲಿ 'ಮೂವ್ಡ್ ಫಾರ್ವರ್ಡ್' ಎಂದರೆ ಬೇಗ ಆಗುತ್ತದೆ ಎಂದು ಓದುವವರೂ ಇದ್ದಾರೆ. ಅದಕ್ಕೆ ಅಂಥ ಮಾತೇ ಬೇಡವೆಂದು, 'ಹಿಂದಿನ ಸೂಚನೆ ರದ್ದು' ಎಂದು ಮೊದಲ ಸಾಲಿನಲ್ಲಿ ಹೇಳಿ, ಹೊಸ ವಾರ, ತಾರೀಖು, ಗಂಟೆಗಳ ಜೊತೆ ಪೂರ್ತಿ ಸೂಚನೆಯನ್ನು ಮತ್ತೆ ಬರೆದೆ. ಬೋರ್ಡಿನ ಮೇಲಿದ್ದ ಹಳೆಯ ಹಾಳೆಯನ್ನು ಕಿತ್ತು ಹಾಕಿಸಿದ ಮೇಲೇ ಹೊಸದನ್ನು ಅಂಟಿಸಿದ್ದು.